ಫಲಿತಾಂಶದ ಅಭಿನಂದನಾ ಪೋಸ್ಟ್: ಹೋಲಿಕೆ ತೆಗೆದು, ಮನಸಾರೆ ಹೊಗಳಿ ಮತ್ತೆ ಬರೆಯುವುದು ಹೇಗೆ?

ಪರೀಕ್ಷೆಯ ಫಲಿತಾಂಶ ಬಂದ ದಿನ ಬರೆಯುವ ಅಭಿನಂದನೆಯಲ್ಲಿ ಹೋಲಿಕೆ ಬೇಡ ಅನ್ನುವುದು ಈಗ ಎಷ್ಟೋ ಜನರಿಗೆ ಗೊತ್ತು. ಬರೆದದ್ದನ್ನು ತಿದ್ದಲೂ ಕೂರುತ್ತಾರೆ. ಆದರೆ ತಿದ್ದಿದ ಮೇಲೆ ಎರಡರಲ್ಲಿ ಒಂದು ಆಗಿರುತ್ತದೆ. ‘ಎಲ್ಲರಿಗಿಂತ’ ಅನ್ನುವ ಪದ ಹೋಗಿರುತ್ತದೆ, ಹೋಲಿಕೆ ಬೇರೆ ವೇಷ ಹಾಕಿಕೊಂಡು ಅಲ್ಲೇ ಕೂತಿರುತ್ತದೆ. ಇಲ್ಲವಾದರೆ ಹೋಲಿಕೆಯ ಜೊತೆಗೆ ಆ ಮಗುವೂ ಪೋಸ್ಟಿನಿಂದ ಹೊರಗೆ ಹೋಗಿ, ‘ಅಮೋಘ ಸಾಧನೆ, ಹಾರ್ದಿಕ ಅಭಿನಂದನೆಗಳು’ ಅಷ್ಟೇ ಉಳಿದಿರುತ್ತದೆ.

ಎರಡಕ್ಕೂ ಕಾರಣ ಒಂದೇ. ಕೆಲಸದ ಕ್ರಮ ತಿರುಗುಮುರುಗಾಗಿರುತ್ತದೆ. ಮೊದಲು ಹೋಲಿಕೆಯ ಸಾಲು ಹೊಡೆದುಹಾಕಿ, ಆಮೇಲೆ ಖಾಲಿಯಾದ ಜಾಗಕ್ಕೆ ಏನು ತುಂಬಲಿ ಅಂತ ಯೋಚಿಸುತ್ತೇವೆ. ಆಗ ಕೈಗೆ ಸಿಗುವುದು ದೊಡ್ಡ ದೊಡ್ಡ ಪದಗಳು ಮಾತ್ರ. ತುಂಬುವ ವಿಷಯ ಮೊದಲು ಕೈಯಲ್ಲಿರಬೇಕು, ಹೊಡೆದುಹಾಕುವುದು ಆಮೇಲೆ. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ.

ಉದಾಹರಣೆಗೆ ನಾನೇ ಬರೆದ ಪೋಸ್ಟ್ ತೆಗೆದುಕೊಳ್ಳುತ್ತೇನೆ. ಅಕ್ಕನ ಮಗಳ ಫಲಿತಾಂಶ ಬಂದ ದಿನ ಖುಷಿಯಲ್ಲಿ ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಸಂಜೆ ಅವಳೇ ಫೋನ್ ಮಾಡಿದಳು. “ಚಿಕ್ಕಮ್ಮಾ, ಅದರಲ್ಲಿ ಅಣ್ಣನ ವಿಷಯ ಯಾಕೆ ಬರೆದ್ರಿ? ಅವನು ಓದಿ ಎದ್ದು ಹೋದ.” ಅವಳ ಖುಷಿಯ ದಿನ ಅವಳು ಅಣ್ಣನಿಗೆ ಸಮಾಧಾನ ಹೇಳುವ ಹಾಗಾಯಿತು. ಆ ಪೋಸ್ಟ್ ಹೀಗಿತ್ತು:

> ನಮ್ಮ ಮನೆಯ ಹೆಮ್ಮೆ ಪುಟ್ಟಿ! ಪರೀಕ್ಷೆಯಲ್ಲಿ ಶೇಕಡಾ 91! ಇಡೀ ತರಗತಿಗೇ ಎರಡನೇ ಸ್ಥಾನ. ಅಣ್ಣನನ್ನೂ ಮೀರಿಸಿಬಿಟ್ಟಳು. ಉಳಿದ ಮಕ್ಕಳು ಮೊಬೈಲ್ ಹಿಡಿದು ಕೂತಿದ್ದಾಗ ಇವಳು ಮಾತ್ರ ಪುಸ್ತಕ ಹಿಡಿದಳು. ಹುಟ್ಟಾ ಬುದ್ಧಿವಂತೆ. ಟ್ಯೂಷನ್ ಇಲ್ಲದೆಯೇ ಇಷ್ಟು ಅಂಕ! ಎಲ್ಲ ಮಕ್ಕಳೂ ಇವಳನ್ನು ನೋಡಿ ಕಲಿಯಲಿ. ಮುಂದಿನ ಸಲ ಮೊದಲ ಸ್ಥಾನ ಪಕ್ಕಾ!

## ಬೇಕಾಗುವುದು

ಒಂದು ಹಾಳೆ, ಎರಡು ಬಣ್ಣದ ಪೆನ್ನು, ಹತ್ತು ನಿಮಿಷದ ಒಂದು ಫೋನ್ ಕರೆ. ಮೊಬೈಲ್‌ನಲ್ಲೇ ತಿದ್ದಬಹುದು ಅಲ್ವಾ ಅಂತ ಕೇಳಬಹುದು. ತಿದ್ದಬಹುದು, ಆದರೆ ಚಿಕ್ಕ ಪರದೆಯಲ್ಲಿ ಹಳೇ ಸಾಲು ಕಣ್ಣೆದುರೇ ಇರುತ್ತದೆ, ಕೈ ಅದನ್ನೇ ಅಲ್ಲಿಲ್ಲಿ ಸರಿಮಾಡಲು ಹೋಗುತ್ತದೆ. ಹಾಳೆಯ ಮೇಲೆ ಹೊಸದಾಗಿ ಬರೆಯುವುದು ಸುಲಭ.

## ಹಂತ 1: ಹಳೇ ಪೋಸ್ಟನ್ನು ಸಾಲುಸಾಲಾಗಿ ಬಿಡಿಸಿ

ಒಂದು ವಾಕ್ಯಕ್ಕೆ ಒಂದು ಸಾಲಿನಂತೆ ಹಾಳೆಯ ಎಡಕ್ಕೆ ಬರೆದು ಸಂಖ್ಯೆ ಹಾಕಿ. ನನ್ನ ಪೋಸ್ಟಿನಲ್ಲಿ ಒಂಬತ್ತು ಸಾಲು ಬಂದವು. ಪ್ರತಿ ಸಾಲಿನ ಎದುರಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸಾಲು ಯಾರ ಬಗ್ಗೆ? ಮಗುವಿನ ಬಗ್ಗೆಯಾ, ನಮ್ಮ ಬಗ್ಗೆಯಾ, ಬೇರೆಯವರ ಬಗ್ಗೆಯಾ?

ಈಗಲೇ ಏನನ್ನೂ ಹೊಡೆಯಬೇಡಿ. ಉತ್ತರ ಪಕ್ಕದಲ್ಲಿ ಬರೆಯಿರಿ, ಸಾಕು. ‘ನಮ್ಮ ಮನೆಯ ಹೆಮ್ಮೆ’ ನಮ್ಮ ಬಗ್ಗೆ. ಎರಡನೇ ಸ್ಥಾನ ತರಗತಿಯ ಬಗ್ಗೆ. ನಾಲ್ಕನೆಯದು ಅಣ್ಣನ ಬಗ್ಗೆ. ಹೀಗೆ ಇಳಿದುಕೊಂಡು ಬಂದಾಗ ಪೂರ್ತಿಯಾಗಿ ಅವಳ ಬಗ್ಗೆ ಇದ್ದ ಸಾಲು ಒಂದೇ ಒಂದು ಸಿಕ್ಕಿತು: ‘ಪರೀಕ್ಷೆಯಲ್ಲಿ ಶೇಕಡಾ 91’. ಹೊಗಳಿದ್ದೇನೆ ಅಂದುಕೊಂಡಿದ್ದ ಪೋಸ್ಟಿನಲ್ಲಿ ಅವಳು ಎಲ್ಲಿದ್ದಳು ಅಂತ ನನಗೇ ಕಾಣಲಿಲ್ಲ. ನಿಮ್ಮ ಪೋಸ್ಟಿನಲ್ಲಿ ಇಂಥ ಸಾಲು ಒಂದೋ ಎರಡೋ ಮಾತ್ರ ಇದ್ದರೆ, ತಿದ್ದಿ ಉಳಿಸುವ ಯೋಚನೆ ಬಿಟ್ಟುಬಿಡಿ. ಅದನ್ನು ಹೊಸದಾಗಿಯೇ ಬರೆಯಬೇಕು.

## ಹಂತ 2: ಬರೆಯುವ ವಿಷಯ ಮೊದಲು ಕೂಡಿಸಿ

ಹೆಚ್ಚಿನವರು ಬಿಡುವುದು ಈ ಹಂತವನ್ನೇ. ಇಲ್ಲಿ ಬೇಕಾಗಿರುವುದು ನೀವು ಕಣ್ಣಾರೆ ನೋಡಿದ, ಅಥವಾ ಆ ಮಗುವಿನ ಬಾಯಿಂದಲೇ ಕೇಳಿದ ಒಂದು ಸಂಗತಿ. ಒಂದು ಸಾಕು. ನೋಡಿದ್ದು ಏನೂ ನೆನಪಿಗೆ ಬರದಿದ್ದರೆ ಫೋನ್ ಮಾಡಿ ಕೇಳಿ.

ಕೇಳುವ ಪ್ರಶ್ನೆಯ ಮೇಲೆ ಸಿಗುವ ಉತ್ತರ ನಿಂತಿದೆ. ‘ದಿನಕ್ಕೆ ಎಷ್ಟು ಗಂಟೆ ಓದಿದೆ?’ ಅಂತ ಕೇಳಬೇಡಿ. ಅದಕ್ಕೆ ಸಿಗುವುದು ಇನ್ನೊಂದು ಸಂಖ್ಯೆ. ಆ ಸಂಖ್ಯೆಯನ್ನು ಪೋಸ್ಟಿನಲ್ಲಿ ಹಾಕಿದರೆ, ಓದುವ ಇನ್ನೊಂದು ಮನೆಯಲ್ಲಿ ‘ನೋಡು, ಅವಳು ಆರು ಗಂಟೆ ಓದಿದಳಂತೆ’ ಅಂತ ಶುರುವಾಗುತ್ತದೆ. ನನಗೆ ಕೆಲಸಕ್ಕೆ ಬಂದ ಪ್ರಶ್ನೆಗಳು ಎರಡು.

ಮೊದಲನೆಯದು: “ಫಲಿತಾಂಶ ತೆರೆದಾಗ ಮೊದಲು ಯಾವ ವಿಷಯದ ಅಂಕ ನೋಡಿದೆ?” ಮಗುವಿನ ಕಣ್ಣು ಮೊದಲು ಎಲ್ಲಿಗೆ ಹೋಯಿತೋ, ವರ್ಷವಿಡೀ ಭಯ ಇದ್ದದ್ದೂ ಕೆಲಸ ಮಾಡಿದ್ದೂ ಸಾಮಾನ್ಯವಾಗಿ ಅಲ್ಲೇ. ಒಟ್ಟು ಶೇಕಡಾವಾರು ನೋಡುವುದು ದೊಡ್ಡವರು. ಪುಟ್ಟಿ ಹೇಳಿದ್ದು, “ಗಣಿತ, ಚಿಕ್ಕಮ್ಮಾ. 84 ಬಂದಿದೆ.” ಅವಳ ಇತರ ವಿಷಯಗಳ ಅಂಕ ಅದಕ್ಕಿಂತ ಜಾಸ್ತಿ ಇದ್ದವು. ಆದರೂ ಅವಳ ಖುಷಿ ಇದ್ದದ್ದು ಆ 84ರಲ್ಲಿ.

ಎರಡನೆಯದು: “ಯಾವ ಪಾಠ ಬಿಟ್ಟೇಬಿಡೋಣ ಅನ್ನಿಸಿತ್ತು?” ಉತ್ತರ ಬಂತು, ತ್ರಿಕೋನಮಿತಿ. ಆಗ ನನಗೆ ಅವಳ ಪುಸ್ತಕ ನೆನಪಾಯಿತು. ಪರೀಕ್ಷೆಗೆ ಮೊದಲು ನಾನು ಅವರ ಮನೆಯಲ್ಲಿ ಎರಡು ದಿನ ಇದ್ದೆ. ಮೇಜಿನ ಮೇಲೆ ಒಂದು ಹಳೇ ನೋಟ್‌ಬುಕ್ ಇತ್ತು, ಅದರಲ್ಲಿ ಅವಳು ತಪ್ಪು ಮಾಡಿದ ಲೆಕ್ಕಗಳನ್ನು ಮಾತ್ರ ಬರೆಯುತ್ತಿದ್ದಳು. ಅಂಚಿನಲ್ಲಿ ತಾರೀಕು. ಒಂದೇ ಲೆಕ್ಕ ಮೂರು ಬೇರೆ ಬೇರೆ ತಾರೀಕಿನಲ್ಲಿತ್ತು. ಮೊದಲ ಎರಡರ ಮೇಲೆ ಕೆಂಪು ಗೆರೆ ಎಳೆದಿತ್ತು. ಮೂರನೆಯದರ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದೊಂದು ಟಿಕ್ ಗುರುತು. ನಾನು ಇದನ್ನು ನೋಡಿದ್ದೆ, ಮರೆತಿದ್ದೆ, ಮರೆತು ‘ಹುಟ್ಟಾ ಬುದ್ಧಿವಂತೆ’ ಅಂತ ಬರೆದಿದ್ದೆ.

ಫೋನ್ ಇಡುವ ಮೊದಲು ಅನುಮತಿ ಕೇಳಿ. “ಇದನ್ನು ಗುಂಪಿನಲ್ಲಿ ಬರೆಯಲಾ?” ಅಂತ ನೇರವಾಗಿ ಕೇಳಿ. ಪುಟ್ಟಿ ನೋಟ್‌ಬುಕ್ ವಿಷಯಕ್ಕೆ ಒಪ್ಪಿದಳು. ಮಧ್ಯಾವಧಿಯಲ್ಲಿ ಗಣಿತಕ್ಕೆ ಬಂದಿದ್ದ ಅಂಕ ಬೇಡ ಅಂದಳು. ಅದನ್ನು ಬರೆದಿರಲಿಲ್ಲ, ಇಲ್ಲೂ ಬರೆಯುವುದಿಲ್ಲ.

ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಇದೆ. ಮಗುವನ್ನು ಅದರ ಹಿಂದಿನ ಅಂಕದ ಜೊತೆಗೇ ಹೋಲಿಸಿದರೆ ಪರವಾಗಿಲ್ವಾ? ‘ಆಗ ಇಷ್ಟು, ಈಗ ಇಷ್ಟು’ ಅನ್ನುವುದು ಬೇರೆಯವರನ್ನು ಕೆಳಗಿಳಿಸುವುದಿಲ್ಲ, ನಿಜ. ಮಗುವಿಗೂ ಎಷ್ಟೋ ಸಲ ಅದೇ ದೊಡ್ಡ ಖುಷಿ. ಆದರೆ ಹಳೇ ಕಡಿಮೆ ಅಂಕ ಮಗುವಿನದು, ಅದನ್ನು ಹತ್ತಾರು ಜನರ ಎದುರು ಹೇಳುವ ಹಕ್ಕು ನಮ್ಮದಲ್ಲ. ಮಗು ಹೂಂ ಅಂದರೆ ಬರೆಯಿರಿ. ಸ್ವಲ್ಪ ತಡವರಿಸಿದರೂ ಬಿಡಿ.

## ಹಂತ 3: ಈಗ ಹೋಲಿಕೆಯನ್ನು ಹುಡುಕಿ ಹೊಡೆಯಿರಿ

ವಿಷಯ ಕೈಯಲ್ಲಿದೆ. ಈಗ ಬಣ್ಣದ ಪೆನ್ನು ತೆಗೆದುಕೊಳ್ಳಿ. ಹೋಲಿಕೆ ಮೂರು ಆಳದಲ್ಲಿ ಸಿಗುತ್ತದೆ.

ಮೇಲೆಯೇ ಕಾಣುವುದು. ‘-ಗಿಂತ’, ‘-ಕ್ಕಿಂತ’, ‘ಮೀರಿಸಿ’, ‘ಹಿಂದಿಕ್ಕಿ’, ‘ಉಳಿದವರು’. ಇವನ್ನು ಎಲ್ಲರೂ ಹಿಡಿಯುತ್ತಾರೆ. ಹೊಡೆದು ಮುಂದೆ ಹೋಗಿ.

ಪದದ ಬಾಲದಲ್ಲಿ ಅಡಗಿರುವುದು. ನಮ್ಮ ಭಾಷೆಯಲ್ಲಿ ಒಂದೇ ಅಕ್ಷರ ಸೇರಿಸಿ ಹೋಲಿಕೆ ಮಾಡಿಬಿಡಬಹುದು, ಮಾಡಿದ್ದು ನಮಗೇ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗಿ.

‘-ಏ’ ನೋಡಿ. ‘ತರಗತಿಗೆ ಎರಡನೇ ಸ್ಥಾನ’ ಅಂದರೆ ಒಂದು ಮಾಹಿತಿ. ‘ಇಡೀ ತರಗತಿಗೇ’ ಅಂದ ಕೂಡಲೇ ತರಗತಿಯ ಉಳಿದ ಮಕ್ಕಳು ಕೆಳಗೆ ಸಾಲಾಗಿ ನಿಂತರು. ‘ನಮ್ಮ ಮನೆಯಲ್ಲೇ ಮೊದಲು’ ಅಂದರೆ ಮನೆಯಲ್ಲಿ ಈ ಮೊದಲು ಪರೀಕ್ಷೆ ಬರೆದ ಎಲ್ಲರನ್ನೂ ಎಣಿಸಿದ ಹಾಗಾಯಿತು.

‘-ಊ’ ಇನ್ನೂ ನುಣುಪು. ‘ಅಣ್ಣನನ್ನೂ ಮೀರಿಸಿದಳು’ ಅನ್ನುವಲ್ಲಿ ಅದು ಅಣ್ಣನಿಗೆ ತಾಗುತ್ತದೆ. ‘ಪುಟ್ಟಿಯೂ ಪಾಸಾದಳು’ ಅಂದಾಗ ಅದೇ ಅಕ್ಷರ ತಿರುಗಿ ಪುಟ್ಟಿಗೇ ತಾಗುತ್ತದೆ. ಅವಳು ಪಾಸಾಗುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ ಅನ್ನುವ ಅರ್ಥ ಬರುತ್ತದೆ. ಅಭಿನಂದನೆ ಹೇಳಲು ಹೋಗಿ ಅವಮಾನ ಮಾಡಿದ ಹಾಗೆ.

‘ಆದರೂ’ ಮತ್ತು ‘ಇಲ್ಲದೆಯೇ’ ಒಂದು ಗುಂಪನ್ನು ಕಟ್ಟಿ ನಿಲ್ಲಿಸುತ್ತವೆ. ‘ಟ್ಯೂಷನ್ ಇಲ್ಲದೆಯೇ ಇಷ್ಟು ಅಂಕ’ ಅಂದರೆ ಟ್ಯೂಷನ್‌ಗೆ ಹೋದವರ ಅಂಕಕ್ಕೆ ಬೆಲೆ ಕಡಿಮೆ ಅಂದ ಹಾಗೆ. ‘ಹುಡುಗಿಯಾದರೂ’, ‘ಹಳ್ಳಿಯಲ್ಲಿ ಓದಿದರೂ’ ಅನ್ನುವವು ಇದಕ್ಕಿಂತ ಕೆಟ್ಟವು. ಹೊಗಳುವವರ ಮನಸ್ಸಿನಲ್ಲಿ ಆ ಗುಂಪಿನ ಬಗ್ಗೆ ಎಷ್ಟು ಕಡಿಮೆ ಅಂದಾಜು ಇತ್ತು ಅನ್ನುವುದನ್ನು ಅವು ಹೇಳಿಬಿಡುತ್ತವೆ. ಇಂಥ ಸಾಲು ಸಿಕ್ಕರೆ ತಿದ್ದಬೇಡಿ, ಪೂರ್ತಿ ತೆಗೆಯಿರಿ.

ಹಾಗಂತ ಎಲ್ಲ ‘-ಏ’, ‘-ಊ’, ‘ಮಾತ್ರ’ ತಪ್ಪಲ್ಲ. ಗುರುತಿಸಲು ಒಂದು ಸುಲಭ ಪ್ರಶ್ನೆ ಇದೆ: ‘ಹಾಗಾದರೆ ಯಾರು ಅಲ್ಲ?’ ‘ಇವಳು ಮಾತ್ರ ಪುಸ್ತಕ ಹಿಡಿದಳು’ ಅನ್ನುವುದಕ್ಕೆ ಕೇಳಿ. ಯಾರು ಹಿಡಿಯಲಿಲ್ಲ? ಆ ಬೇಸಿಗೆ ಮನೆಯಲ್ಲಿದ್ದ ಉಳಿದ ಮಕ್ಕಳು. ಉತ್ತರದಲ್ಲಿ ಮನುಷ್ಯರು ಬಂದರು, ಹೊಡೆಯಿರಿ. ‘ಪ್ರತಿ ಭಾನುವಾರವೂ ಕೂತು ಮಾಡಿದಳು’ ಅನ್ನುವುದಕ್ಕೆ ಕೇಳಿದರೆ ಉತ್ತರದಲ್ಲಿ ಯಾರೂ ಬರುವುದಿಲ್ಲ. ‘ತಾನೇ ಬಿಡಿಸಿದಳು’ ಅನ್ನುವುದೂ ಹಾಗೆಯೇ. ಇವು ಇರಲಿ.

ಪದವೇ ಇಲ್ಲದೆ ಇರುವುದು. ‘ಹುಟ್ಟಾ ಬುದ್ಧಿವಂತೆ’ ಅನ್ನುವಲ್ಲಿ ಯಾರ ಹೆಸರೂ ಇಲ್ಲ, ಬಾಲವೂ ಇಲ್ಲ. ಆದರೂ ಬುದ್ಧಿವಂತೆ ಅನ್ನಬೇಕಾದರೆ ಅಷ್ಟು ಬುದ್ಧಿ ಇಲ್ಲದವರು ಯಾರೋ ಇರಲೇಬೇಕು. ಜೊತೆಗೆ ಇದು ಮಗುವಿನ ತಲೆಯಲ್ಲೂ ಹೋಲಿಕೆಯನ್ನು ಬಿತ್ತುತ್ತದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಆಕೃತಿಗಳ ಒಗಟು ಬಿಡಿಸಿದ ಮಕ್ಕಳಲ್ಲಿ ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮ ಪಟ್ಟೆ’ ಅಂದರು. ಮುಂದೆ ಕಷ್ಟದ ಒಗಟು ಬಂದು ಸೋತಾಗ, ಬುದ್ಧಿಗೆ ಹೊಗಳಿಸಿಕೊಂಡವರಿಗೆ ಅದನ್ನು ಮುಂದುವರಿಸುವ ಆಸೆ ಕಡಿಮೆಯಾಯಿತು. ಇನ್ನೂ ಒಂದು ಕಂಡಿತು. ಹೊಸ ಉಪಾಯ ಕಲಿಯುವುದು ಬೇಕಾ, ಬೇರೆ ಮಕ್ಕಳಿಗೆ ಎಷ್ಟು ಬಂತು ಅಂತ ನೋಡುವುದು ಬೇಕಾ ಅಂದಾಗ, ಬುದ್ಧಿವಂತ ಅನ್ನಿಸಿಕೊಂಡವರು ಹೆಚ್ಚಾಗಿ ಬೇರೆಯವರ ಅಂಕದ ಕಡೆ ವಾಲಿದರು. ಬುದ್ಧಿಯನ್ನು ಹೊಗಳಿದರೆ ಅದು ಉಳಿದಿದೆಯಾ ಅಂತ ಅಳೆದು ನೋಡುವ ಆಸೆಯೂ ಹುಟ್ಟುತ್ತದೆ. ಹಾಗಾಗಿ ನಾನು ಈ ಸಾಲನ್ನು ಹೋಲಿಕೆಯ ಲೆಕ್ಕಕ್ಕೇ ಸೇರಿಸುತ್ತೇನೆ.

‘ಮುಂದಿನ ಸಲ ಮೊದಲ ಸ್ಥಾನ ಪಕ್ಕಾ’ ಅನ್ನುವುದೂ ಇದೇ ಜಾತಿಯದು. ಈ ಸಲದ್ದು ಸಾಲಲಿಲ್ಲ ಅಂತ ಮಗು ಓದಿಕೊಳ್ಳುತ್ತದೆ. ‘ಎಲ್ಲ ಮಕ್ಕಳೂ ನೋಡಿ ಕಲಿಯಲಿ’ ಅನ್ನುವುದು ಇವಳನ್ನು ಬೇರೆ ಮಕ್ಕಳಿಗೆ ಬೆತ್ತ ಮಾಡಿ ಕೊಡುವುದು. ನಾಳೆ ಆ ಮಕ್ಕಳ ಜೊತೆ ಆಡಬೇಕಾದವಳು ಅವಳೇ.

## ಹಂತ 4: ಹೊಸ ಹಾಳೆಯಲ್ಲಿ, ಮಗುವಿಗೇ ಹೇಳುವ ಹಾಗೆ ಬರೆಯಿರಿ

ಹಳೇ ಹಾಳೆ ಪಕ್ಕಕ್ಕಿಡಿ. ‘ಪುಟ್ಟಿ ಹೀಗೆ ಮಾಡಿದಳು’ ಅಂತ ಜನರಿಗೆ ಹೇಳುವುದು ಬಿಟ್ಟು, ‘ಪುಟ್ಟೀ, ನೀನು ಹೀಗೆ ಮಾಡಿದೆ’ ಅಂತ ಅವಳಿಗೇ ಹೇಳಿ. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು. ಆದರೆ ಎದುರಿಗೆ ಕೂತವರ ಜೊತೆ ಮಾತಾಡುವಾಗ ‘ಉಳಿದವರು’ ಅನ್ನುವುದು ಬಾಯಿಗೇ ಬರುವುದಿಲ್ಲ. ಹೋಲಿಕೆಯೆಲ್ಲ ಶುರುವಾಗುವುದು ನಾವು ಮಗುವಿನ ಕಡೆಗೆ ಬೆನ್ನು ಮಾಡಿ ಊರಿಗೆ ಹೇಳಲು ನಿಂತಾಗ. ಅಭ್ಯರ್ಥಿ ದೊಡ್ಡವರಾಗಿದ್ದರೆ, ಕೆಲಸದ ಜೊತೆಗೆ ಪರೀಕ್ಷೆ ಬರೆದು ಪಾಸಾದ ಸಹೋದ್ಯೋಗಿಯಾಗಿದ್ದರೆ ‘ನೀವು’ ಅನ್ನಿ. ಉಳಿದದ್ದೆಲ್ಲ ಹೀಗೆಯೇ.

ಮೊದಲ ಸಾಲಿನಲ್ಲಿ ಹೆಸರು ಮತ್ತು ಅಭಿನಂದನೆ. ಅದರ ಬೆನ್ನಿಗೇ ಹಂತ 2ರಲ್ಲಿ ಸಿಕ್ಕ ಸಂಗತಿ. ಅದರಲ್ಲಿ ನಿಮಗೆ ಏನು ಇಷ್ಟವಾಯಿತು ಅಂತ ಒಂದು ಸಾಲು. ಕೊನೆಗೆ ಮಗುವಿನಿಂದ ಏನನ್ನೂ ಕೇಳದ ಒಂದು ಹಾರೈಕೆ. ಆರೇಳು ವಾಕ್ಯ ಸಾಕು.

ನಾನು ಮೊದಲ ಸಲ ತಿದ್ದಿದ್ದು ಹೀಗಿತ್ತು. ಇದು ಕೆಟ್ಟಿತು:

> ಪುಟ್ಟಿಯ ಅದ್ಭುತ ಸಾಧನೆಗೆ ಹೃತ್ಪೂರ್ವಕ ಅಭಿನಂದನೆಗಳು. ಹಗಲು ರಾತ್ರಿ ಪಟ್ಟ ಶ್ರಮಕ್ಕೆ ತಕ್ಕ ಫಲ ಸಿಕ್ಕಿದೆ. ಭವಿಷ್ಯ ಉಜ್ವಲವಾಗಲಿ.

ಹೋಲಿಕೆ ಒಂದೂ ಇಲ್ಲ. ಆದರೆ ಪುಟ್ಟಿ ಅನ್ನುವ ಕಡೆ ಬೇರೆ ಯಾವ ಹೆಸರು ಹಾಕಿದರೂ ನಡೆಯುತ್ತದೆ. ಇದೇ ಇದರ ಕೆಟ್ಟ ಲಕ್ಷಣ. ನಿಮ್ಮ ಪೋಸ್ಟಿನಲ್ಲಿ ಹೆಸರು ಬದಲಿಸಿ ಓದಿ. ಆಗಲೂ ಸರಿಹೊಂದಿದರೆ ಅದು ಮುದ್ರಿಸಿದ ಕಾರ್ಡ್, ನೀವು ಬರೆದದ್ದಲ್ಲ. ಇನ್ನೊಂದು ತಪ್ಪು ‘ಹಗಲು ರಾತ್ರಿ’. ಪುಟ್ಟಿ ರಾತ್ರಿ ಬೇಗ ಮಲಗುವ ಹುಡುಗಿ, ಅದು ಮನೆಯವರಿಗೆಲ್ಲ ಗೊತ್ತು. ಮಾಡದೇ ಇದ್ದ ಕೆಲಸಕ್ಕೆ ಹೊಗಳಿದರೆ, ಮಾಡಿದ ಕೆಲಸವನ್ನು ಇವರು ನೋಡಿಲ್ಲ ಅಂತ ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಬುದ್ಧಿ ಅನ್ನುವ ಪದ ತೆಗೆದ ಜಾಗದಲ್ಲಿ ಶ್ರಮ ಅನ್ನುವ ಪದ ತುರುಕಿದರೆ ಮಾತು ನಿಜವಾಗುವುದಿಲ್ಲ.

ಕೆಲವು ಮಕ್ಕಳಿಗೆ ಪರೀಕ್ಷೆ ನಿಜಕ್ಕೂ ಸುಲಭವಾಗಿರುತ್ತದೆ. ಅವರು ಹೆಚ್ಚು ಕಷ್ಟಪಟ್ಟಿರುವುದಿಲ್ಲ. ಅಂಥ ಕಡೆ ಶ್ರಮದ ಕಥೆ ಕಟ್ಟಬೇಡಿ. ಪಾಠ ಅರ್ಥವಾಗದ ಗೆಳೆಯನಿಗೆ ಹೇಳಿಕೊಟ್ಟದ್ದು, ಒಂದು ವಿಷಯ ಇಷ್ಟಪಟ್ಟು ಪಠ್ಯದಾಚೆಗೂ ಓದಿದ್ದು, ಹೀಗೆ ನಿಜವಾಗಿ ಇದ್ದದ್ದನ್ನು ಬರೆಯಿರಿ. ಏನೂ ಸಿಗದಿದ್ದರೆ ‘ನಿನ್ನ ಖುಷಿ ನೋಡಿ ನನಗೂ ಖುಷಿಯಾಯಿತು’ ಅಂದರೂ ಸಾಕು. ಚಿಕ್ಕದಾದರೂ ಅದು ನಿಜ.

ಎರಡನೇ ಸಲ ಬರೆದು, ಕೊನೆಗೆ ಹಾಕಿದ್ದು ಇದು:

> ಪುಟ್ಟೀ, ಅಭಿನಂದನೆ! ಗಣಿತದಲ್ಲಿ 84 ಬಂತು ಅಂತ ನೀನು ಹೇಳಿದಾಗ ನನಗೆ ನಿನ್ನ ತಪ್ಪು ಲೆಕ್ಕದ ನೋಟ್‌ಬುಕ್ ನೆನಪಾಯಿತು. ತ್ರಿಕೋನಮಿತಿಯ ಒಂದೇ ಲೆಕ್ಕವನ್ನು ಮೂರು ಬೇರೆ ಬೇರೆ ದಿನ ಮಾಡಿದ್ದೆ. ಮೂರನೇದರ ಪಕ್ಕ ಸಣ್ಣ ಟಿಕ್ ಹಾಕಿದ್ದೆ. ಬಾರದ ಲೆಕ್ಕವನ್ನು ಬಿಡದೆ ಮತ್ತೆ ಅದರ ಹತ್ತಿರ ಹೋಗುವ ನಿನ್ನ ಆ ರೂಢಿ ನನಗೆ ತುಂಬಾ ಇಷ್ಟ. ಒಟ್ಟು ಶೇಕಡಾ 91 ಬಂದಿದೆ, ಓದಿ ಖುಷಿಯಾಯಿತು. ಈಗ ರಜೆಯಲ್ಲಿ ಬೇಕಾದಷ್ಟು ನಿದ್ದೆ ಮಾಡು. ಚಿಕ್ಕಮ್ಮ.

## ಹಂತ 5: ಅಂಕ ಮತ್ತು ಸ್ಥಾನವನ್ನು ಎಲ್ಲಿಡಬೇಕು ಅಂತ ನೋಡಿ

ಅಂಕ ಬರೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಅದು ಮಗು ಗಳಿಸಿದ್ದು, ಮುಚ್ಚಿಡುವಂಥದ್ದಲ್ಲ. ಆದರೆ ಅದು ಮೊದಲ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಬೆರಗಿನ ಗುರುತಿನ ಜೊತೆ ಬಂದರೆ ಓದುವವರು ಅಲ್ಲೇ ನಿಂತು ತಮ್ಮ ಮನೆಯ ಅಂಕ ನೆನೆಯುತ್ತಾರೆ. ಆಮೇಲೆ ಬರೆದದ್ದನ್ನು ಯಾರೂ ಓದುವುದಿಲ್ಲ. ಕೊನೆಯ ಹೊತ್ತಿಗೆ, ವಾಕ್ಯದ ನಡುವೆ ಬಂದರೆ ಅದು ಒಂದು ಸುದ್ದಿಯಾಗಿ ಉಳಿಯುತ್ತದೆ.

ಸ್ಥಾನದ ವಿಷಯ ಇನ್ನೂ ಸೂಕ್ಷ್ಮ. ಮೊದಲ ಸ್ಥಾನ, ಎರಡನೇ ಸ್ಥಾನ ಅನ್ನುವುದೇ ಹೋಲಿಕೆ. ಅದನ್ನು ಎಷ್ಟು ಮೆತ್ತಗೆ ಹೇಳಿದರೂ ಹೋಲಿಕೆಯೇ. ನಾನು ಬಿಟ್ಟುಬಿಡುತ್ತೇನೆ. ಮಗುವೇ ‘ಅದನ್ನು ಬರೆಯಿರಿ’ ಅಂದರೆ ಒಂದೇ ಸಲ, ವಿಶೇಷಣ ಇಲ್ಲದೆ, ‘ತರಗತಿಯಲ್ಲಿ ಎರಡನೇ ಸ್ಥಾನ ಬಂದಿದೆ’ ಅಂತ ಬರೆಯಿರಿ. ಹೊಗಳಿಕೆ ಮಾತ್ರ ಅದರ ಮೇಲೆ ನಿಲ್ಲಬಾರದು. ಆ ಸಾಲು ತೆಗೆದು ಓದಿ. ಪೋಸ್ಟ್ ಇನ್ನೂ ನಿಂತಿದ್ದರೆ ಸರಿ, ಕುಸಿದರೆ ಹಂತ 2ಕ್ಕೆ ಹಿಂತಿರುಗಿ.

## ಹಂತ 6: ಫೋಟೋ ಪರೀಕ್ಷಿಸಿ

ಬರಹದಿಂದ ತೆಗೆದ ಹೋಲಿಕೆ ಫೋಟೋದಲ್ಲಿ ವಾಪಸ್ ಬರುವುದು ಬಹಳ ಸಲ ಆಗುತ್ತದೆ. ತರಗತಿಯ ಅಂಕಪಟ್ಟಿಯ ಚಿತ್ರ ಹಾಕಿ ಮಗುವಿನ ಹೆಸರಿಗೆ ಸುತ್ತು ಹಾಕಿರುತ್ತಾರೆ. ಮೇಲೆ ಕೆಳಗೆ ಬೇರೆ ಮಕ್ಕಳ ಹೆಸರು, ಅಂಕ ಎಲ್ಲ ಕಾಣುತ್ತಿರುತ್ತದೆ. ಇದನ್ನು ಹಾಕಲೇಬೇಡಿ.

ಮಗುವಿನದೇ ಅಂಕಪಟ್ಟಿ ಆದರೂ ನೋಂದಣಿ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಮುಚ್ಚಿ. ಎಷ್ಟೋ ಕಡೆ ಈ ಎರಡು ಇದ್ದರೆ ಸಾಕು, ಯಾರು ಬೇಕಾದರೂ ಪೂರ್ತಿ ಫಲಿತಾಂಶ ತೆರೆದು ನೋಡಬಹುದು. ಮುಚ್ಚುವಾಗ ಮೊಬೈಲ್‌ನ ಮಾರ್ಕರ್ ಗೆರೆ ಎಳೆದು ಬಿಡಬೇಡಿ. ಕೆಲವು ಮಾರ್ಕರ್ ಗೆರೆ ಅರೆಪಾರದರ್ಶಕ, ಚಿತ್ರದ ಬೆಳಕು ಹೆಚ್ಚಿಸಿದರೆ ಅಡಿಯ ಅಂಕೆ ಕಾಣುತ್ತದೆ. ಆ ಭಾಗವನ್ನೇ ಕತ್ತರಿಸಿ ತೆಗೆಯಿರಿ. ನನ್ನ ಕೇಳಿದರೆ ಮಗುವಿನ ನಗುವಿನ ಒಂದು ಫೋಟೋ ಸಾಕು, ಅದನ್ನೂ ಮಗು ಒಪ್ಪಿದರೆ.

## ಹಂತ 7: ಇಬ್ಬರ ಕಿವಿಯಿಂದ ಓದಿ

ಜೋರಾಗಿ ಎರಡು ಸಲ ಓದಿ. ಮೊದಲ ಸಲ ಅಂಕ ಗಳಿಸಿದ ಮಗುವಾಗಿ ಕೇಳಿ. ‘ಇವರು ನನ್ನನ್ನೇ ನೋಡಿ ಬರೆದಿದ್ದಾರೆ’ ಅನ್ನಿಸಬೇಕು. ಮುಜುಗರ ಆಗುವಷ್ಟು ದೊಡ್ಡ ಪದ ಎಲ್ಲಾದರೂ ಇದ್ದರೆ ಓದುವಾಗ ನಿಮ್ಮ ನಾಲಿಗೆಯೇ ಅಲ್ಲಿ ತಡೆಯುತ್ತದೆ.

ಎರಡನೇ ಸಲ, ಅದೇ ಗುಂಪಿನಲ್ಲಿ ಈ ವರ್ಷ ಕಡಿಮೆ ಅಂಕ ಬಂದವರಾಗಿ ಕೇಳಿ. ‘ಯಾರೋ ಒಬ್ಬರು’ ಅಂತ ಅಂದುಕೊಂಡರೆ ಪ್ರಯೋಜನ ಇಲ್ಲ. ಒಬ್ಬರ ಮುಖವನ್ನೇ ನೆನಪಿಸಿಕೊಳ್ಳಿ. ನಾನು ಪುಟ್ಟಿಯ ಅಣ್ಣನ ಮುಖ ನೆನಪಿಸಿಕೊಂಡು ಓದಿದೆ. ಅವನಿಗೆ ಬೇಜಾರೇ ಆಗಬಾರದು ಅಂತಲ್ಲ. ತಂಗಿಗೆ ಹೆಚ್ಚು ಬಂದಾಗ ಮನಸ್ಸಿಗೆ ಏನೋ ಆಗಬಹುದು, ಅದನ್ನು ನಾವು ತಡೆಯಲಾರೆವು. ಅವನನ್ನು ಎಳೆದು ತಂದು ಪಕ್ಕದಲ್ಲಿ ನಿಲ್ಲಿಸಿದ ಸಾಲು ಇರಬಾರದು, ಅಷ್ಟೇ.

ಇಲ್ಲೊಂದು ಎಚ್ಚರಿಕೆ. ಅವನನ್ನು ಸಮಾಧಾನ ಮಾಡಲು ಪುಟ್ಟಿಯ ಪೋಸ್ಟಿನಲ್ಲಿ ‘ಅಂಕವೇ ಎಲ್ಲ ಅಲ್ಲ’ ಅಂತ ಸೇರಿಸಬೇಡಿ. ತುಂಬಾ ಜನ ಒಳ್ಳೆ ಮನಸ್ಸಿನಿಂದಲೇ ಸೇರಿಸುತ್ತಾರೆ. ಅದರಿಂದ ಪುಟ್ಟಿಯ ಖುಷಿಗೆ ನೀರು ಬೀಳುತ್ತದೆ, ಅಣ್ಣನಿಗೆ ‘ಇದು ನನಗೇ ಹೇಳಿದ್ದು’ ಅಂತ ಚುಚ್ಚುತ್ತದೆ.

## ಹಂತ 8: ಹಾಕುವುದು, ಹಾಕಿದ ಮೇಲೆ ನೋಡಿಕೊಳ್ಳುವುದು

ಮೊದಲು ಮಗುವಿಗೆ ಒಬ್ಬಳಿಗೇ ಕಳಿಸಿ. ಅವಳು ಸರಿ ಅಂದ ಮೇಲೆ ಗುಂಪಿಗೆ ಹಾಕಿ. ಈ ಒಂದು ಹೆಜ್ಜೆ ಇಟ್ಟಿದ್ದರೆ ನನ್ನ ಹಳೇ ಪೋಸ್ಟ್ ಹೊರಗೆ ಬರುತ್ತಲೇ ಇರಲಿಲ್ಲ.

ಹಳೆಯದು ಆಗಲೇ ಹೋಗಿಬಿಟ್ಟಿದ್ದರೆ, ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದ ಒಳಗೆ ಮಾತ್ರ ತಿದ್ದಬಹುದು. ಆಮೇಲೆ ಎಲ್ಲರಿಗೂ ಅಳಿಸಿ ಹೊಸದು ಹಾಕಬೇಕು, ಅದಕ್ಕೂ ಸುಮಾರು ಎರಡು ದಿನದ ಮಿತಿ ಇದೆ. ಫೇಸ್‌ಬುಕ್‌ನಲ್ಲಿ ಯಾವಾಗ ಬೇಕಾದರೂ ತಿದ್ದಬಹುದು, ಆದರೆ ತಿದ್ದುವ ಮೊದಲು ಏನಿತ್ತು ಅನ್ನುವುದನ್ನು ಓದುವವರು ತೆರೆದು ನೋಡಬಹುದು. ಯಾರಿಗಾದರೂ ನೋವಾಗುವ ಸಾಲು ಅದರಲ್ಲಿ ಇದ್ದರೆ ತಿದ್ದುವುದಕ್ಕಿಂತ ಅಳಿಸಿ ಹೊಸದಾಗಿ ಹಾಕುವುದು ಒಳ್ಳೆಯದು.

ಆಮೇಲೆ ಉತ್ತರಗಳು ಬರುತ್ತವೆ. ನೀವು ತೆಗೆದ ಹೋಲಿಕೆಯನ್ನು ಬೇರೆ ಯಾರೋ ಅಲ್ಲಿ ತಂದು ಇಡುತ್ತಾರೆ. ನನ್ನ ಹೊಸ ಪೋಸ್ಟಿನ ಕೆಳಗೆ ದೊಡ್ಡಮ್ಮ ಒಬ್ಬರು, “ನಮ್ಮವನೂ ಇದ್ದಾನೆ, ಇವಳ ಅರ್ಧ ಓದಿದ್ದರೆ ಸಾಕಿತ್ತು” ಅಂತ ಬರೆದರು. ಇಂಥ ಕಡೆ ವಾದ ಮಾಡಬೇಡಿ, ಬುದ್ಧಿ ಹೇಳಬೇಡಿ. ಸುಮ್ನೆ ಬಿಟ್ಟರೂ ಕೆಳಗೆ ಅದೇ ಧಾಟಿಯಲ್ಲಿ ನಾಲ್ಕು ಬರುತ್ತವೆ. ಮಾತನ್ನು ಮಗುವಿನ ಕಡೆಗೆ ತಿರುಗಿಸಿ. ನಾನು ಬರೆದದ್ದು, “ದೊಡ್ಡಮ್ಮಾ, ಪುಟ್ಟಿಗೆ ನಿಮ್ಮ ಆಶೀರ್ವಾದ ತಲುಪಿಸ್ತೀನಿ. ಸಂಜೆ ನಿಮಗೆ ಫೋನ್ ಮಾಡ್ತೀನಿ.” ಸಂಜೆ ಮಾಡಿದೆ. ಅವರ ಮಗನ ಹೆಸರು ಆ ಗುಂಪಿನಲ್ಲಿ ಮತ್ತೆ ಬರಲಿಲ್ಲ.

ಹಳೇ ಪೋಸ್ಟಿನಿಂದ ಯಾರಿಗೆ ನೋವಾಯಿತೋ ಅವರ ಜೊತೆಗಿನ ಮಾತು ಗುಂಪಿನಲ್ಲಿ ಬೇಡ. ಅಲ್ಲಿ ಕ್ಷಮೆ ಕೇಳಿದರೆ ನೋಡದೇ ಇದ್ದವರಿಗೂ ವಿಷಯ ಗೊತ್ತಾಗುತ್ತದೆ. ಹೊಸದು ಹಾಕಿದ ಮಾರನೇ ದಿನ ನಾನು ಪುಟ್ಟಿಯ ಅಣ್ಣನಿಗೆ ಫೋನ್ ಮಾಡಿದೆ. “ನಿನ್ನ ವಿಷಯ ಅದರಲ್ಲಿ ಬರೆಯಬಾರದಿತ್ತು ಕಣೋ, ತಪ್ಪಾಯ್ತು” ಅಂದೆ. ಅಂಕದ ಮಾತು ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಪರವಾಗಿಲ್ಲ ಚಿಕ್ಕಮ್ಮಾ. ಆ ನೋಟ್‌ಬುಕ್ ನಂದೇ, ಅರ್ಧ ಖಾಲಿ ಇತ್ತು ಅಂತ ನಾನೇ ಅವಳಿಗೆ ಕೊಟ್ಟಿದ್ದು” ಅಂದ.